‘ಇಡೀ ಗೋವಾ 451 ವರ್ಷ ಪೋರ್ಚುಗೀಸರ ಕೈಯಲ್ಲಿತ್ತು’: ಇತಿಹಾಸದ ವಿಡಿಯೊದಲ್ಲಿರುವ ತಪ್ಪನ್ನು ತೋರಿಸಿ ತಿದ್ದಿಸುವುದು ಹೇಗೆ?

ವಾಸ್ಕೊ, ಮಡಗಾಂವ್, ಪಣಜಿ ಕಡೆ ಇರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಗೋವಾದ ಇತಿಹಾಸದ ಮೇಲಿನ ಕನ್ನಡ ವಿಡಿಯೊಗಳು ಆಗಾಗ ಓಡಾಡುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: ‘1510ರಲ್ಲಿ ಆಲ್ಬುಕರ್ಕ್ ಗೋವಾವನ್ನು ಗೆದ್ದ. ಅಲ್ಲಿಂದ 451 ವರ್ಷ ಇಡೀ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು.’ ಹಿನ್ನೆಲೆಯಲ್ಲಿ ಇಂದಿನ ಗೋವಾದ ನಕ್ಷೆ ಪೂರ್ತಿ ಒಂದೇ ಬಣ್ಣಕ್ಕೆ ತಿರುಗುತ್ತದೆ. ಈ ಮಾತು ತಪ್ಪು. ವಿಡಿಯೊ ಮಾಡಿದವರಿಗೆ ಇದನ್ನು ಹೇಗೆ ತಿಳಿಸಿದರೆ ಅವರು ತಿದ್ದುತ್ತಾರೆ ಎಂಬುದನ್ನು ಈ ಒಂದೇ ಉದಾಹರಣೆ ಹಿಡಿದು ನೋಡೋಣ. ವಿಡಿಯೊ 14 ನಿಮಿಷದ್ದು, ತಪ್ಪು ಮಾತು ಬರುವುದು 6:42ಕ್ಕೆ ಎಂದಿಟ್ಟುಕೊಳ್ಳಿ.

ಮೊದಲು: ತಪ್ಪು ಯಾವ ಪದದಲ್ಲಿದೆ?

ಆ ಭಾಗವನ್ನು ನಿಧಾನಗತಿಯಲ್ಲಿ, 0.75ರಲ್ಲಿ, ಹಿಂದಿನ ಒಂದು ವಾಕ್ಯ ಮತ್ತು ಮುಂದಿನ ಒಂದು ವಾಕ್ಯ ಸೇರಿಸಿ ಕೇಳಿ. ಕೇಳಿದ್ದನ್ನು ಪದಕ್ಕೆ ಪದ ಬರೆದುಕೊಳ್ಳಿ. ನೆನಪಿನಿಂದ ಬರೆದರೆ ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕಿದಂತಾಗುತ್ತದೆ. ‘ನಾನು ಹಾಗೆ ಹೇಳೇ ಇಲ್ಲ’ ಎಂಬ ಉತ್ತರ ಬಂದರೆ ಮಾತುಕತೆ ಅಲ್ಲಿಗೆ ಮುಗಿಯಿತು.

ಬರೆದುಕೊಂಡ ವಾಕ್ಯವನ್ನು ಬಿಡಿಸಿ ನೋಡಿ. 1510 ಸರಿ. ಆ ವರ್ಷ ನವೆಂಬರ್ 25ರಂದು ಆಲ್ಬುಕರ್ಕ್ ಬಿಜಾಪುರದ ಆದಿಲಶಾಹಿಯಿಂದ ಗೋವಾ ನಗರವನ್ನು ಎರಡನೇ ಸಲ ಗೆದ್ದ. 451 ಕೂಡ ಲೆಕ್ಕಕ್ಕೆ ಸರಿ, ಏಕೆಂದರೆ ಪೋರ್ಚುಗೀಸರು ಹೋದದ್ದು 1961ರ ಡಿಸೆಂಬರ್ 19ಕ್ಕೆ. ತಪ್ಪಿರುವುದು ‘ಇಡೀ’ ಎಂಬ ಒಂದು ಪದದಲ್ಲಿ ಮತ್ತು ಆ ಪದಕ್ಕೆ ಜೊತೆಯಾಗಿ ಬರುವ ನಕ್ಷೆಯಲ್ಲಿ. 1510ರಲ್ಲಿ ಸಿಕ್ಕಿದ್ದು ತಿಸ್ವಾಡಿ ಮತ್ತು ಅದರ ಪಕ್ಕದ ದ್ವೀಪಗಳು. ಬಾರ್ದೇಶ್ ಮತ್ತು ಸಾಷ್ಟಿ ಸೇರಿದ್ದು 1543ರಲ್ಲಿ. ಈಗಿನ ಮುರಗಾಂವ್ ತಾಲೂಕು ಆಗ ಸಾಷ್ಟಿಯ ಭಾಗವೇ ಆಗಿತ್ತು. ಇವಿಷ್ಟೂ ಸೇರಿದರೆ ಇಂದಿನ ಗೋವಾದ ಕಾಲುಭಾಗದಷ್ಟು ಆಗುತ್ತದೆ. ಉಳಿದದ್ದು ಅವರ ಕೈಸೇರಲು ಇನ್ನೂ ಇನ್ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದು ಸೋಂದೆಯ ಮೇಲೆ ಬಂದಾಗ ಅಲ್ಲಿನ ಅರಸ ಗೋವಾದಲ್ಲಿ ಆಶ್ರಯ ಪಡೆದ. ಸೋಂದೆಗೆ ಸೇರಿದ್ದ ಫೋಂಡಾ ಮತ್ತು ಅದರ ದಕ್ಷಿಣದ ಸಾಂಗೆ, ಕೇಪೆ, ಕಾಣಕೋಣ ಸೀಮೆಗಳು ಆ ಹೊತ್ತಿನಿಂದ ಪೋರ್ಚುಗೀಸರ ಕಡೆ ಬಂದವು. ಡಿಚೋಲಿ ಮತ್ತು ಸತ್ತರಿ 1780ರ ದಶಕದ ಮೊದಲ ವರ್ಷಗಳಲ್ಲಿ, ಪೆಡ್ಣೆ 1788ರಲ್ಲಿ, ಸಾವಂತವಾಡಿಯ ಭೋಸಲೆಯವರ ಕೈಯಿಂದ ಹೋದವು. ಇವನ್ನೆಲ್ಲ ಪೋರ್ಚುಗೀಸರೇ ‘ನೋವಾಸ್ ಕೊಂಕಿಸ್ತಾಸ್’, ಅಂದರೆ ಹೊಸದಾಗಿ ಗೆದ್ದ ಪ್ರದೇಶಗಳು, ಎಂದು ಬೇರೆಯಾಗಿಯೇ ಕರೆದರು.

ಹಾಗಾಗಿ ಫೋಂಡಾ ಅವರ ಕೈಯಲ್ಲಿದ್ದದ್ದು ಸುಮಾರು 198 ವರ್ಷ, ಪೆಡ್ಣೆ 173 ವರ್ಷ. ನಿಮ್ಮ ತಕರಾರು ಇಷ್ಟೇ. ಅದನ್ನು ಒಂದು ಸಾಲಿನಲ್ಲಿ ಬರೆಯಲು ಬಾರದಿದ್ದರೆ ಇನ್ನೂ ಪತ್ರ ಬರೆಯುವ ಹೊತ್ತಾಗಿಲ್ಲ ಎಂದೇ ಅರ್ಥ.

ತಕರಾರಿಗೆ ಸೇರಿಸಬಾರದ್ದು

ಇಂಥ ವಿಡಿಯೊದಲ್ಲಿ ನಿಮಗೆ ಇಷ್ಟವಾಗದ್ದು ಇನ್ನೂ ನಾಲ್ಕು ಸಿಗುತ್ತವೆ. ಸೋಂದೆಯ ಅರಸ ತನ್ನ ಸೀಮೆಯನ್ನು ರಕ್ಷಣೆಗೆಂದು ಒಪ್ಪಿಸಿದನೋ, ಪೋರ್ಚುಗೀಸರು ಸಂದರ್ಭ ನೋಡಿ ನುಂಗಿಕೊಂಡರೋ ಎಂಬುದು ವ್ಯಾಖ್ಯಾನದ ಪ್ರಶ್ನೆ. ಫೋಂಡಾದ ವಿಷಯಕ್ಕೆ ಒಂದು ಪುಸ್ತಕ 1763 ಎಂದರೆ ಇನ್ನೊಂದು 1764 ಎನ್ನಬಹುದು. ಇವುಗಳನ್ನು ಬಿಟ್ಟುಬಿಡಿ. ಐದು ತಕರಾರುಗಳ ಪತ್ರ ಹೋದರೆ ಅದರಲ್ಲಿ ಅತ್ಯಂತ ದುರ್ಬಲವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ, ಗಟ್ಟಿಯಾದದ್ದು ಹಾಗೇ ಉಳಿಯುತ್ತದೆ.

ಕನ್ನಡಿಗರು ವಿಶೇಷವಾಗಿ ತಪ್ಪಿಸಬೇಕಾದ ಒಂದು ಆಸೆಯಿದೆ. ಸೋಂದೆ ಇರುವುದು ಶಿರಸಿಯ ಹತ್ತಿರ, ‘ಅಷ್ಟು ಕಾಲ ಈ ನೆಲ ನಮ್ಮ ಅರಸರದ್ದಾಗಿತ್ತು’ ಎಂದು ಬರೆಯಲು ಕೈ ತುರಿಸುತ್ತದೆ. ಬರೆದಿರೋ, ನಿಮ್ಮ ತಿದ್ದುಪಡಿ ಹಕ್ಕುಸಾಧನೆಯಾಗಿ ಕಾಣುತ್ತದೆ. ಕೆಳಗೆ ಕೊಂಕಣಿ, ಮರಾಠಿ, ಕನ್ನಡದ ಜಗಳ ಹತ್ತಿಕೊಂಡು ‘ಇಡೀ’ ಎಂಬ ಪದದ ಸುದ್ದಿಯೇ ಇಲ್ಲವಾಗುತ್ತದೆ. ಸೋಂದೆಯ ಹೆಸರು ಬರಲಿ, ಹೆಮ್ಮೆ ಬೇರೆ ಕಡೆ ಇರಲಿ.

ಸಾಕ್ಷಿ: ಎರಡು ಸಾಕು, ಒಂದು ವಿಡಿಯೊದ ಒಳಗಿನಿಂದಲೇ

ಅತ್ಯುತ್ತಮ ಸಾಕ್ಷಿ ಬಹುತೇಕ ಅದೇ ವಿಡಿಯೊದಲ್ಲಿ ಸಿಗುತ್ತದೆ. ಗೋವಾದ ಇತಿಹಾಸ ಹೇಳುವವರು ಮಂಗೇಶಿಯ ದೇವಸ್ಥಾನವನ್ನು ತೋರಿಸದೆ ಬಿಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ 9:15ಕ್ಕೆ ಅದು ಬರುತ್ತದೆ: ‘ಪೋರ್ಚುಗೀಸರ ಕಾಟ ತಾಳದೆ ಕುಶಸ್ಥಳಿಯ ಮಂಗೇಶನನ್ನು 1560ರಲ್ಲಿ ಫೋಂಡಾ ಸೀಮೆಯ ಪ್ರಿಯೋಳಕ್ಕೆ ಕೊಂಡೊಯ್ದರು.’ ಮಾತು ಸರಿಯೇ. ಕುಶಸ್ಥಳಿ ಅಂದರೆ ಈಗಿನ ಕೊರ್ಟಾಲಿ, ಆಗಿನ ಸಾಷ್ಟಿಯಲ್ಲಿತ್ತು. ಜುವಾರಿ ದಾಟಿ ದೇವರನ್ನು ಒಯ್ದದ್ದೇ ಆಚೆ ದಡದ ಫೋಂಡಾದಲ್ಲಿ ಪೋರ್ಚುಗೀಸರ ಆಳ್ವಿಕೆ ಇಲ್ಲದ ಕಾರಣಕ್ಕೆ. ಇಡೀ ಗೋವಾ 1510ರಿಂದಲೇ ಅವರದಾಗಿದ್ದರೆ ಹಾಗೆ ಒಯ್ಯುವುದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಕೆಳೋಶಿಯ ಶಾಂತಾದುರ್ಗೆ ಕವಳೆಗೆ ಹೋದದ್ದೂ ಹೀಗೆಯೇ. ಹೀಗೆ 6:42ರ ಮಾತನ್ನು 9:15ರ ಮಾತೇ ಅಲ್ಲಗಳೆಯುತ್ತದೆ. ಇದನ್ನು ತೋರಿಸಿದರೆ ಮಾಡಿದವರಿಗೆ ಹೊರಗಿನವನೊಬ್ಬ ಬಂದು ಪಾಠ ಹೇಳಿದಂತೆ ಅನ್ನಿಸುವುದಿಲ್ಲ. ಅವರದೇ ಸಂಶೋಧನೆ ಅವರನ್ನು ತಿದ್ದುತ್ತದೆ.

ಎರಡನೆಯದು ಮುದ್ರಿತ ಸಾಕ್ಷಿ. ಗೋವಾ, ದಮನ್ ಮತ್ತು ದಿಯು ಕೇಂದ್ರಾಡಳಿತ ಪ್ರದೇಶದ ಗೆಜೆಟಿಯರ್‌ನ ಗೋವಾ ಸಂಪುಟ 1979ರಲ್ಲಿ ಬಂದಿದೆ, ವಿ. ಟಿ. ಗುಣೆ ಅದರ ಸಂಪಾದಕರು. ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಇತಿಹಾಸದ ಅಧ್ಯಾಯದಲ್ಲಿ ಈ ಪ್ರದೇಶಗಳು ಸೇರಿದ ವಿವರವಿರುವ ಪುಟವನ್ನು, ಪುಟಸಂಖ್ಯೆ ಕಾಣುವಂತೆ, ಮೊಬೈಲಿನಲ್ಲಿ ತೆಗೆದುಕೊಳ್ಳಿ. ಪುಸ್ತಕದ ಶೀರ್ಷಿಕೆಯ ಪುಟದ್ದೂ ಒಂದು ಚಿತ್ರ ಬೇಕು. ‘ಗೆಜೆಟಿಯರ್‌ನಲ್ಲಿದೆ’ ಎಂದಷ್ಟೇ ಹೇಳಿದರೆ ಹುಡುಕುವ ಕೆಲಸ ಅವರ ಮೇಲೆ ಬೀಳುತ್ತದೆ, ಅವರು ಹುಡುಕುವುದಿಲ್ಲ.

ವಿಕಿಪೀಡಿಯದ ಕೊಂಡಿ ಕಳಿಸಿ ಸುಮ್ಮನಾಗುವುದು ಗೋವಾದ ವಿಷಯದಲ್ಲಂತೂ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರಲ್ಲಿ ‘ಬಿಚೋಲಿಮ್ ಸಂಘರ್ಷ’ ಎಂಬ ಲೇಖನ ಹುಟ್ಟಿಕೊಂಡಿತು. 1640–41ರಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ಡಿಚೋಲಿಯಲ್ಲಿ ಯುದ್ಧ ನಡೆಯಿತೆಂದು ಅಡಿಟಿಪ್ಪಣಿಗಳ ಸಮೇತ ವಿವರಿಸಿದ ಲೇಖನ ಅದು. ಒಳ್ಳೆಯ ಲೇಖನ ಎಂಬ ಮನ್ನಣೆಯೂ ಸಿಕ್ಕಿತು. ಅಂಥ ಯುದ್ಧ ನಡೆದೇ ಇರಲಿಲ್ಲ, ಉಲ್ಲೇಖಿಸಿದ ಪುಸ್ತಕಗಳೂ ಇರಲಿಲ್ಲ. ಅಳಿಸಿದ್ದು 2012ರ ಕೊನೆಗೆ. ವಿಡಿಯೊ ಮಾಡುವವರಲ್ಲಿ ಈ ಕಥೆ ಗೊತ್ತಿರುವವರಿದ್ದಾರೆ.

ಹುಡುಕುವಾಗ ಇನ್ನೊಂದು ಎಡವು. ಸಾಷ್ಟಿ ಎಂಬ ಹೆಸರಿನ ಜಾಗ ಮುಂಬಯಿಯಲ್ಲೂ ಇದೆ, ಅದೂ ಪೋರ್ಚುಗೀಸರ ಕೈಯಲ್ಲೇ ಇತ್ತು. ಇಂಗ್ಲಿಷ್ ಪುಸ್ತಕಗಳಲ್ಲಿ ಎರಡರ ಕಾಗುಣಿತ ಕೂಡ ಅತ್ತಿತ್ತ ಆಗಿರುತ್ತದೆ. ಸಿಕ್ಕ ಸಾಲು ಮಡಗಾಂವ್ ಕಡೆಯ ಸಾಷ್ಟಿಯದೋ ಠಾಣೆಯ ಪಕ್ಕದ ಸಾಷ್ಟಿಯದೋ ಎಂದು ಮೇಲೆ ಕೆಳಗೆ ಓದಿ ನೋಡದೆ ಸಾಕ್ಷಿಯೆಂದು ಕಳಿಸಬೇಡಿ.

ಬರೆಯುವ ಮುನ್ನ ಐದು ನಿಮಿಷದ ಪರಿಶೀಲನೆ

ವಿಡಿಯೊದ ವಿವರಣೆಯನ್ನು ಪೂರ್ತಿ ತೆರೆದು ಓದಿ, ಪಿನ್ ಮಾಡಿದ ಕಾಮೆಂಟ್ ನೋಡಿ, ಕಾಮೆಂಟುಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ಕಣ್ಣಾಡಿಸಿ. ತಿದ್ದುಪಡಿ ಆಗಲೇ ಹಾಕಿದ್ದರೆ ನಿಮ್ಮ ಪತ್ರ ಅನವಶ್ಯಕ. ಬೇರೆ ಯಾರೋ ಇದನ್ನೇ ಒರಟಾಗಿ ಹೇಳಿ ಮಾಡಿದವರು ರೇಗಿದ್ದರೆ, ಆ ಎಳೆಗೆ ಜೋತುಬೀಳದೆ ಬೇರೆ ದಾರಿಯಲ್ಲಿ ಹೋಗಿ.

ಮೊದಲು ಖಾಸಗಿಯಾಗಿ

ಚಾನೆಲ್ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಲಾಗಿನ್ ಆಗಿ, ಚಾನೆಲ್ ಪರಿಚಯದ ಭಾಗಕ್ಕೆ ಹೋದರೆ ಇಮೇಲ್ ವಿಳಾಸ ನೋಡುವ ಗುಂಡಿ ಇರುತ್ತದೆ. ಎಲ್ಲರೂ ವಿಳಾಸ ಕೊಟ್ಟಿರುವುದಿಲ್ಲ. ಇಲ್ಲದಿದ್ದರೆ ಅಲ್ಲೇ ಕೊಟ್ಟಿರುವ ಇನ್‌ಸ್ಟಾಗ್ರಾಂ ಕೊಂಡಿ ಹಿಡಿಯಬೇಕು. ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ, ಯಾರೂ ನೋಡದ ಕಡೆ ಓದಿ ತಾವೇ ತಿದ್ದುಪಡಿ ಹಾಕುವುದು ಅವರಿಗೆ ಹಗುರ. ಅದಕ್ಕೇ ಈ ಕ್ರಮ.

ಕೊಂಡಿಯನ್ನು ಆ ಕ್ಷಣಕ್ಕೇ ತೆರೆಯುವಂತೆ ಮಾಡಿ. 6:42 ಅಂದರೆ 402 ಸೆಕೆಂಡು. ವಿಡಿಯೊದ ವಿಳಾಸದ ಕೊನೆಗೆ ಇದನ್ನು ಸೇರಿಸಿ:

```
&t=402s
```

ಹಂಚಿಕೊಳ್ಳುವ ಗುಂಡಿಯಿಂದ ಬಂದ ಚಿಕ್ಕ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಲ್ಲದಿದ್ದರೆ `&` ಜಾಗದಲ್ಲಿ `?` ಹಾಕಬೇಕು.

ಪತ್ರದ ವಿಷಯದ ಸಾಲು ಹೀಗಿರಲಿ: ‘ಗೋವಾ ವಿಡಿಯೊ, 6:42: ಒಂದು ಸಣ್ಣ ತಿದ್ದುಪಡಿಯ ಕೋರಿಕೆ’. ‘ಗಂಭೀರ ತಪ್ಪು’ ಎಂದು ಬರೆದರೆ ತೆರೆಯುವ ಮೊದಲೇ ಅವರು ಸೆಟೆದುಕೊಳ್ಳುತ್ತಾರೆ. ಒಡಲು ಸುಮಾರು ಇಷ್ಟು:

> ನಮಸ್ಕಾರ ಸರ್,
>
> ಗೋವಾ ಇತಿಹಾಸದ ನಿಮ್ಮ ವಿಡಿಯೊ ಪೂರ್ತಿ ನೋಡಿದೆ. ದೇವಸ್ಥಾನಗಳು ಜುವಾರಿ ದಾಟಿ ಹೋದ ಭಾಗವನ್ನು ಕನ್ನಡದಲ್ಲಿ ಇಷ್ಟು ಬಿಡಿಸಿ ಹೇಳಿದ್ದು ಉಪಯೋಗವಾಯಿತು.
>
> 6:42ಕ್ಕೆ ‘451 ವರ್ಷ ಇಡೀ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು’ ಎಂದು ಬರುತ್ತದೆ, ನಕ್ಷೆಯಲ್ಲೂ ಪೂರ್ತಿ ರಾಜ್ಯಕ್ಕೆ ಬಣ್ಣ ಬರುತ್ತದೆ. 1510ರಲ್ಲಿ ಅವರಿಗೆ ಸಿಕ್ಕಿದ್ದು ತಿಸ್ವಾಡಿ, 1543ರಲ್ಲಿ ಬಾರ್ದೇಶ್ ಮತ್ತು ಸಾಷ್ಟಿ. ಫೋಂಡಾ ಸೇರಿದ್ದು 1763ರ ಹೊತ್ತಿಗೆ, ಪೆಡ್ಣೆ 1788ರಲ್ಲಿ. 9:15ಕ್ಕೆ ನೀವೇ ಹೇಳುವ ಮಂಗೇಶಿಯ ಸ್ಥಳಾಂತರವೂ ಇದಕ್ಕೇ ಹೊಂದುತ್ತದೆ, ಆಗ ಫೋಂಡಾ ಅವರ ಕೈಯಲ್ಲಿರಲಿಲ್ಲ. 1979ರ ಗೋವಾ ಗೆಜೆಟಿಯರ್‌ನ ಪುಟದ ಚಿತ್ರ ಜೊತೆಗಿದೆ.
>
> ನಿಮಗೆ ಬೇರೆ ಆಧಾರ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ, ಓದುತ್ತೇನೆ. ಇದು ಸರಿ ಅನ್ನಿಸಿದರೆ ವಿವರಣೆಯಲ್ಲಿ ಒಂದು ತಿದ್ದುಪಡಿ ಹಾಕಬಹುದೇ? ಹಾಗೇ ಬಳಸಬಹುದಾದ ಸಾಲನ್ನು ಕೆಳಗೆ ಕೊಟ್ಟಿದ್ದೇನೆ.
>
> (ನಿಮ್ಮ ಹೆಸರು, ಮಡಗಾಂವ್)

ಮೆಚ್ಚುಗೆಯ ಸಾಲು ನಿರ್ದಿಷ್ಟವಾಗಿರಬೇಕು. ‘ಸೂಪರ್ ವಿಡಿಯೊ ಸರ್, ಆದರೆ…’ ಎಂದರೆ ಆ ‘ಆದರೆ’ಗಾಗಿಯೇ ಹೊಗಳಿದ್ದು ಎಂದು ಯಾರಿಗೂ ತಿಳಿಯುತ್ತದೆ. ಮೆಚ್ಚಲು ನಿಜಕ್ಕೂ ಏನೂ ಇಲ್ಲದಿದ್ದರೆ ಆ ಸಾಲನ್ನೇ ಬಿಡಿ, ನಮಸ್ಕಾರದಿಂದ ನೇರ ವಿಷಯಕ್ಕೆ ಬನ್ನಿ. ಮಾಡಿದವರು ನಿಮಗಿಂತ ಎಷ್ಟೇ ಚಿಕ್ಕವರಾಗಿ ಕಂಡರೂ ‘ನೀವು’ ಎಂದೇ ಬರೆಯಿರಿ. ‘ಬ್ರೋ’, ‘ತಮ್ಮಾ’ ಎಂಬ ಸಲುಗೆ ಹೊಗಳಿಕೆಗೆ ನಡೆಯುತ್ತದೆ, ತಪ್ಪು ತೋರಿಸುವಾಗ ಕೆಳಗಿಟ್ಟು ಮಾತಾಡಿದ ಹಾಗಾಗುತ್ತದೆ.

‘ಬೇರೆ ಆಧಾರ ಸಿಕ್ಕಿದ್ದರೆ ತಿಳಿಸಿ’ ಎಂಬುದು ಬರೀ ಸೌಜನ್ಯಕ್ಕಲ್ಲ. ಗೋವಾ 451 ವರ್ಷ ಪೋರ್ಚುಗೀಸರಲ್ಲಿತ್ತು ಎಂದು ಎಷ್ಟೋ ಕಡೆ ಅಚ್ಚಾಗಿದೆ, ಅವರು ಅಂಥದ್ದೊಂದನ್ನು ಕಳಿಸಬಹುದು. ಆಗ ಉತ್ತರ ಸರಳ: ‘451 ಎಂಬುದನ್ನು ನಾನೂ ಒಪ್ಪುತ್ತೇನೆ ಸರ್, ತಿಸ್ವಾಡಿಯ ಮಟ್ಟಿಗೆ. ನನ್ನ ಮಾತು ‘ಇಡೀ’ ಎಂಬುದರ ಬಗ್ಗೆ, ಮತ್ತೆ ನಕ್ಷೆಯ ಬಗ್ಗೆ.’ ಇದಕ್ಕೂ ಒಪ್ಪದಿದ್ದರೆ 1683 ಒಂದನ್ನು ಮುಂದಿಡಬಹುದು. ಆ ವರ್ಷ ಪೋರ್ಚುಗೀಸ್ ವೈಸರಾಯ್ ಫೋಂಡಾ ಕೋಟೆಗೆ ಮುತ್ತಿಗೆ ಹಾಕಿ, ಸಂಭಾಜಿಯ ಸೈನ್ಯ ಬಂದದ್ದರಿಂದ ಹಿಂದೆ ಸರಿದ. ಕೋಟೆಯನ್ನು ಶಿವಾಜಿ 1675ರಲ್ಲೇ ಆದಿಲಶಾಹಿಯಿಂದ ಗೆದ್ದಿದ್ದ. ತಮ್ಮದೇ ಆಗಿದ್ದ ಊರಿಗೆ ಯಾರೂ ಮುತ್ತಿಗೆ ಹಾಕುವುದಿಲ್ಲ. ಇದನ್ನು ಮೊದಲ ಪತ್ರದಲ್ಲೇ ತುರುಕದೆ ಕೈಯಲ್ಲಿಟ್ಟುಕೊಂಡಿರಿ.

ಅವರಿಗೆ ತಿದ್ದಲು ಸಾಧ್ಯವಿರುವುದು ಏನು?

ತಿದ್ದುಪಡಿ ಕೇಳುವವರು ಇಲ್ಲಿ ಎಡವುವುದು ಹೆಚ್ಚು. ‘ವಿಡಿಯೊ ತೆಗೆದು ಸರಿಮಾಡಿ ಹಾಕಿ’ ಎಂದು ಬರೆಯುತ್ತಾರೆ. ಯೂಟ್ಯೂಬಿನಲ್ಲಿ ಅದೇ ವಿಳಾಸಕ್ಕೆ ಬೇರೆ ವಿಡಿಯೊ ಕೂರಿಸಲು ಬರುವುದಿಲ್ಲ. ಹೊಸದಾಗಿ ಹಾಕಿದರೆ ಹಳೆಯ ವೀಕ್ಷಣೆ, ಕಾಮೆಂಟು ಎಲ್ಲವೂ ಹೋಗುತ್ತವೆ. ಒಂದು ಪದಕ್ಕಾಗಿ ಯಾರೂ ಆ ನಷ್ಟ ಮಾಡಿಕೊಳ್ಳುವುದಿಲ್ಲ, ಕೇಳುವುದೂ ನ್ಯಾಯವಲ್ಲ.

ಯೂಟ್ಯೂಬ್ ಸ್ಟುಡಿಯೊದ ಎಡಿಟರಿನಲ್ಲಿ ನಡುವಿನ ತುಣುಕನ್ನು ಕತ್ತರಿಸಬಹುದು, ವಿಳಾಸವೂ ವೀಕ್ಷಣೆಗಳೂ ಉಳಿಯುತ್ತವೆ. ಆದರೆ ನಮ್ಮ ಉದಾಹರಣೆಗೆ ಇದು ಒಗ್ಗುವುದಿಲ್ಲ. ಕತ್ತರಿ ಬಿದ್ದರೆ ದನಿಯೂ ಚಿತ್ರವೂ ಒಟ್ಟಿಗೇ ಹೋಗುತ್ತವೆ. ‘ಇಡೀ’ ಎಂಬ ಅರ್ಧ ಸೆಕೆಂಡನ್ನು ತೆಗೆದರೆ ಒಂದು ಕುಲುಕಾಟ ಕಾಣುತ್ತದೆ, ಬಣ್ಣ ತುಂಬಿದ ನಕ್ಷೆ ಮಾತ್ರ ಹಾಗೇ ನಿಲ್ಲುತ್ತದೆ. ಪೂರ್ತಿ ವಾಕ್ಯವನ್ನೇ ತೆಗೆದರೆ ಮುಂದಿನ ಮಾತಿಗೆ ತಲೆಯೇ ಇರುವುದಿಲ್ಲ.

ಸೂಕ್ತವಾದದ್ದು ವಿವರಣೆಯ ತಿದ್ದುಪಡಿ. ವಿವರಣೆಯಲ್ಲಿ, ಅಧ್ಯಾಯಗಳ ಪಟ್ಟಿಯಿದ್ದರೆ ಅದರ ಕೆಳಗೆ, ಹೀಗೆ ಬರೆದರೆ ವಿಡಿಯೊ ಆ ಹೊತ್ತಿಗೆ ಬಂದಾಗ ಮೂಲೆಯಲ್ಲಿ ತಿದ್ದುಪಡಿ ನೋಡಿ ಎಂಬ ಕಾರ್ಡ್ ಕಾಣಿಸಿಕೊಳ್ಳುತ್ತದೆ:

```
Correction:
6:42 1510ರಲ್ಲಿ ಪೋರ್ಚುಗೀಸರು ಗೆದ್ದದ್ದು ತಿಸ್ವಾಡಿ.
ಇಂದಿನ ಇಡೀ ಗೋವಾ ಅವರ ಕೈಸೇರಿದ್ದು
18ನೇ ಶತಮಾನ ಮುಗಿಯುವ ಹೊತ್ತಿಗೆ.
```

ವಿಡಿಯೊ ಕನ್ನಡದ್ದಾದರೂ ಆ ಮೊದಲ ಪದ ಇಂಗ್ಲಿಷಿನಲ್ಲೇ ಇರಬೇಕು. ‘ತಿದ್ದುಪಡಿ:’ ಎಂದು ಕನ್ನಡದಲ್ಲಿ ಬರೆದರೆ ಕಾರ್ಡ್ ಬರುವುದಿಲ್ಲ, ಎಷ್ಟೋ ಚಾನೆಲ್‌ಗಳಿಗೆ ಇದು ಗೊತ್ತಿಲ್ಲ. ಸಮಯ ಬೇರೆ ಸಾಲಿನಲ್ಲಿ ಬರಬೇಕು. ಹಲವು ತಿದ್ದುಪಡಿಗಳಿದ್ದರೆ ಮೊದಲ ಪದ `Corrections:` ಆಗುತ್ತದೆ, ಕಾರ್ಡ್ ಮಾತ್ರ ಮೊದಲನೆಯದರ ಹೊತ್ತಿಗಷ್ಟೇ ಬರುತ್ತದೆ. ಚಾನೆಲ್ ಮೇಲೆ ಸ್ಟ್ರೈಕ್ ಇದ್ದರೆ ಈ ಸೌಲಭ್ಯ ಸಿಗುವುದಿಲ್ಲ, ಆಗ ಪಿನ್ ಮಾಡಿದ ಕಾಮೆಂಟೇ ಗತಿ. ಈ ನಾಲ್ಕು ಸಾಲನ್ನು ನಕಲಿಸಿ ಅಂಟಿಸಲು ಬರುವ ಹಾಗೆ ಪತ್ರದ ಕೊನೆಗೆ ಕೊಡಿ. ಒಪ್ಪಿದರೂ ಬರೆಯಲು ಸೋಮಾರಿತನವಾಗಿ ಬಿಟ್ಟವರು, ಒಪ್ಪದೆ ಬಿಟ್ಟವರಿಗಿಂತ ಹೆಚ್ಚು.

ನಕ್ಷೆಯನ್ನು ಮುಂದಿನ ವಿಡಿಯೊದಲ್ಲಿ ಸರಿಮಾಡುತ್ತೇವೆ ಎಂದರೆ ತಾಲೂಕುಗಳ ವಿಂಗಡಣೆಯನ್ನು ಕೊಡಬಹುದು: ತಿಸ್ವಾಡಿ, ಬಾರ್ದೇಶ್, ಸಾಷ್ಟಿ, ಮುರಗಾಂವ್ ಒಂದು ಬಣ್ಣ, ಉಳಿದದ್ದು ಇನ್ನೊಂದು ಬಣ್ಣ. ಧಾರಬಾಂದೋಡಾ ಈಚೆಗೆ ಆದ ತಾಲೂಕು, ಹಳೆಯ ನಕ್ಷೆಗಳಲ್ಲಿ ಸಿಗುವುದಿಲ್ಲ. ಅದು ಉಳಿದದ್ದರ ಗುಂಪಿಗೇ ಸೇರುತ್ತದೆ.

ಉತ್ತರ ಬಾರದಿದ್ದರೆ

ಹತ್ತು ದಿನ ಬಿಡಿ. ಆಮೇಲೆ ಕಾಮೆಂಟ್ ಹಾಕಬಹುದು. ಅದರಲ್ಲಿ ‘ಮೇಲ್ ಹಾಕಿದ್ದೆ, ಉತ್ತರವಿಲ್ಲ’ ಎಂಬ ದೂರು ಬೇಡ. ಮೂರು ಸಾಲು ಸಾಕು:

> ಸರ್, 6:42ರ ಬಗ್ಗೆ ಒಂದು ಸಣ್ಣ ಸೇರ್ಪಡೆ. 1510ರಲ್ಲಿ ಪೋರ್ಚುಗೀಸರಿಗೆ ಸಿಕ್ಕಿದ್ದು ತಿಸ್ವಾಡಿ ಕಡೆಯ ಭಾಗ, ಫೋಂಡಾ ಮತ್ತು ಪೆಡ್ಣೆ ಕಡೆ ಸೇರಿದ್ದು 1763–88ರ ನಡುವೆ. ನೀವು 9:15ಕ್ಕೆ ಹೇಳಿದ ಮಂಗೇಶಿಯ ಕಥೆ ಇದರಿಂದಲೇ ಸರಿಹೊಂದುತ್ತದೆ. ಆಧಾರ: ಗೋವಾ ಗೆಜೆಟಿಯರ್, 1979. ಸರಿ ಅನ್ನಿಸಿದರೆ ವಿವರಣೆಯಲ್ಲಿ ಸೇರಿಸಬಹುದೇ?

ಸಮಯವನ್ನು 6:42 ಎಂದು ಬರೆದರೆ ಸಾಕು, ಅದು ತಾನಾಗಿ ಕೊಂಡಿಯಾಗುತ್ತದೆ. ಹೊರಗಿನ ಜಾಲತಾಣದ ಕೊಂಡಿ ಹಾಕಿದರೆ ಕಾಮೆಂಟ್ ಪರಿಶೀಲನೆಯ ಸರದಿಯಲ್ಲಿ ಸಿಕ್ಕಿಬೀಳಬಹುದು. ನಿಮಗೆ ಮಾತ್ರ ಕಾಣುತ್ತದೆ, ಉಳಿದವರಿಗೆ ಇಲ್ಲ. ಹಾಗಾಗಿದೆಯೇ ಎಂದು ತಿಳಿಯಲು ಲಾಗಿನ್ ಇಲ್ಲದ ಬ್ರೌಸರಿನಲ್ಲಿ ವಿಡಿಯೊ ತೆರೆದು ಹುಡುಕಿ. ಕಾಣದಿದ್ದರೆ ‘ನನ್ನ ಕಾಮೆಂಟ್ ಅಳಿಸಿದ್ದಾರೆ’ ಎಂದು ಕೂಗಾಡುವ ಮೊದಲು ಕೊಂಡಿ ತೆಗೆದು ಮತ್ತೊಮ್ಮೆ ಹಾಕಿ ನೋಡಿ.

ನಿಮ್ಮ ಕನ್ನಡ ಸಂಘದ ಗುಂಪಿಗೆ ಕೊಂಡಿ ಕಳಿಸಿ ‘ಎಲ್ಲರೂ ಹೋಗಿ ಕಾಮೆಂಟ್ ಮಾಡಿ’ ಎನ್ನಬೇಡಿ. ಒಂದೇ ಮಾತಿನ ಇಪ್ಪತ್ತು ಕಾಮೆಂಟುಗಳು ಬಿದ್ದರೆ ಅದು ದಾಳಿಯಾಗಿ ಕಾಣುತ್ತದೆ, ಮಾಡಿದವರು ಕಾಮೆಂಟುಗಳನ್ನೇ ಮುಚ್ಚುತ್ತಾರೆ. ಕಾಮೆಂಟಿಗೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ಬಿಡಿ. ವಿಡಿಯೊವನ್ನು ರಿಪೋರ್ಟ್ ಮಾಡುವ ಗುಂಡಿ ಇಂಥ ಇತಿಹಾಸದ ತಪ್ಪಿಗೆ ಇರುವುದಲ್ಲ. ಮುಂದೆ ಓದುವವರಿಗೆ ನಿಮ್ಮ ಕಾಮೆಂಟ್ ಅಲ್ಲಿದ್ದರೆ ಅಷ್ಟೇ ಲಾಭ.

ತಿದ್ದಿದ ಮೇಲೆ

ಕಾರ್ಡ್ ನಿಜವಾಗಿ ಬರುತ್ತಿದೆಯೇ ಎಂದು 6:42ಕ್ಕೆ ಹೋಗಿ ನೋಡಿ. ಬಾರದಿದ್ದರೆ ಸಾಮಾನ್ಯವಾಗಿ ಆ ಇಂಗ್ಲಿಷ್ ಪದವೋ ಸಮಯದ ಸಾಲೋ ತಪ್ಪಿರುತ್ತದೆ, ಒಂದು ಸಾಲಿನಲ್ಲಿ ತಿಳಿಸಿ. ಅದೇ ತುಣುಕಿನಿಂದ ಶಾರ್ಟ್ಸ್ ಮಾಡಿದ್ದರೆ ಮೂಲದ ತಿದ್ದುಪಡಿ ಅದಕ್ಕೆ ತಲುಪುವುದಿಲ್ಲ, ಅದು ಬೇರೆಯೇ ವಿಡಿಯೊ. ‘ಇಡೀ ಗೋವಾ 451 ವರ್ಷ’ ಎಂಬ ಮಾತು ಅಲ್ಲೂ ಇದ್ದರೆ ಅದನ್ನು ಅದೇ ಪತ್ರದ ಮುಂದುವರಿಕೆಯಾಗಿ, ಧನ್ಯವಾದ ಹೇಳುವಾಗಲೇ ಸೂಚಿಸಿ. ನಿಮ್ಮ ಕಾಮೆಂಟಿಗೆ ಅವರು ಹೃದಯದ ಗುರುತು ಕೊಟ್ಟಿದ್ದರೆ ಅದನ್ನು ಎಡಿಟ್ ಮಾಡಲು ಹೋಗಬೇಡಿ, ಎಡಿಟ್ ಮಾಡಿದರೆ ಆ ಗುರುತು ಹೋಗುತ್ತದೆ. ‘ವಿವರಣೆಯಲ್ಲಿ ತಿದ್ದಿದ್ದಾರೆ, ಧನ್ಯವಾದ ಸರ್’ ಎಂಬುದನ್ನು ಅದರ ಕೆಳಗೆ ಉತ್ತರವಾಗಿ ಹಾಕಿ.